ಗ್ರಹಗಳ ಸಾಲು: ಗಾತ್ರದಿಂದಲೋ, ದೂರದಿಂದಲೋ?

ಕಳೆದ ವರ್ಷ ಶಾಲೆಯೊಂದರ ವಿಜ್ಞಾನ ವಸ್ತುಪ್ರದರ್ಶನವನ್ನು ನೋಡುತ್ತ ಸಾಗಿದ್ದಾಗ, ಏಳನೆಯ ತರಗತಿಯ ಬಾಲಕಿಯೊಬ್ಬಳ ಚಾರ್ಟಿನ ಮುಂದೆ ನಿಂತೆ. ಮೇಲೆ ‘ಸೌರವ್ಯೂಹ’ ಎಂಬ ಶೀರ್ಷಿಕೆ. ಕೆಳಗೆ ಗುರು, ಶನಿ, ಯುರೇನಸ್, ನೆಪ್ಚೂನ್, ಭೂಮಿ, ಶುಕ್ರ, ಮಂಗಳ, ಬುಧ ಎಂದು ಎಂಟು ಗ್ರಹಗಳು. “ಬುಧ ಮೊದಲು ಬರಬೇಕಲ್ಲವೇನಮ್ಮಾ? ಕ್ರಮ ತಪ್ಪಿದೆ” ಎಂದುಬಿಟ್ಟೆ. ಮಗು ಉತ್ತರಿಸಲಿಲ್ಲ, ಚಾರ್ಟಿನ ಒಂದು ಮೂಲೆಯ ಪಿನ್ನನ್ನು ಕೀಳತೊಡಗಿತು. ಅಷ್ಟರಲ್ಲಿ ವಿಜ್ಞಾನ ಶಿಕ್ಷಕಿಯವರು ಬಂದು, “ಸರ್, ಅವಳು ದೂರದ ಕ್ರಮ ಬರೆದಿಲ್ಲ. ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದ್ದಾಳೆ. ಅದನ್ನು ಶೀರ್ಷಿಕೆಯಲ್ಲಿ ಹೇಳಿಲ್ಲ, ಅಷ್ಟೇ” ಎಂದರು. ತಪ್ಪು ನನ್ನದಾಗಿತ್ತು. ಆ ಪಿನ್ನನ್ನು ನಾನೇ ಮತ್ತೆ ಚುಚ್ಚಿದೆ. ಅನಂತರ ಆ ಶಿಕ್ಷಕಿಯವರೊಡನೆ ಕುಳಿತು ಕಲಿತುಕೊಂಡದ್ದನ್ನು, ಮಕ್ಕಳ ಚಾರ್ಟುಗಳಿಗೆ ನೆರವಾಗುವ ತಂದೆತಾಯಿಗಳಿಗಾಗಿ ಇಲ್ಲಿ ನಿವೇದಿಸುತ್ತಿದ್ದೇನೆ.

ಎರಡು ಪ್ರಶ್ನೆ, ಎರಡು ಸಾಲು

ಸೂರ್ಯನಿಂದ ಇರುವ ದೂರವನ್ನು ಅನುಸರಿಸಿದರೆ ಗ್ರಹಗಳ ಸಾಲು ಹೀಗಿದೆ: ಬುಧ, ಶುಕ್ರ, ಭೂಮಿ, ಮಂಗಳ, ಗುರು, ಶನಿ, ಯುರೇನಸ್, ನೆಪ್ಚೂನ್. ವ್ಯಾಸವನ್ನು, ಅಂದರೆ ಅಡ್ಡಳತೆಯನ್ನು ಅನುಸರಿಸಿದರೆ ಆ ಬಾಲಕಿ ಬರೆದ ಸಾಲೇ ಸರಿ. ದೂರದ ಸಾಲಿನಲ್ಲಿ ಗಾತ್ರವು ಏರುತ್ತಲೂ ಹೋಗುವುದಿಲ್ಲ, ಇಳಿಯುತ್ತಲೂ ಹೋಗುವುದಿಲ್ಲ. ಬುಧನಿಂದ ಭೂಮಿಯವರೆಗೆ ಏರಿ, ಮಂಗಳದಲ್ಲಿ ಇಳಿದು, ಗುರುವಿನಲ್ಲಿ ಒಮ್ಮೆಲೇ ಹಿಗ್ಗಿ, ಅಲ್ಲಿಂದ ಮತ್ತೆ ಕುಗ್ಗುತ್ತದೆ. ಆದುದರಿಂದ ಒಂದು ಸಾಲನ್ನು ಬಾಯಿಪಾಠ ಮಾಡಿದ ಮಾತ್ರಕ್ಕೆ ಇನ್ನೊಂದು ಬಾರದು.

‘ಗಾತ್ರ’ ಎಂಬ ಮಾತಿನಲ್ಲಿಯೂ ಒಂದು ತೊಡಕಿದೆ. ಯುರೇನಸ್‌ನ ವ್ಯಾಸ 51,118 ಕಿ.ಮೀ.; ನೆಪ್ಚೂನಿನದು 49,528 ಕಿ.ಮೀ. ವ್ಯಾಸದಲ್ಲಿ ಯುರೇನಸ್ ದೊಡ್ಡದು. ಆದರೆ ದ್ರವ್ಯರಾಶಿಯಲ್ಲಿ ನೆಪ್ಚೂನ್ ಭೂಮಿಯ ಸುಮಾರು 17 ಪಟ್ಟು, ಯುರೇನಸ್ ಸುಮಾರು ಹದಿನಾಲ್ಕೂವರೆ ಪಟ್ಟು. ತೂಕದ ದೃಷ್ಟಿಯಿಂದ ಜೋಡಿಸಿದ ಮಗುವಿನ ಚಾರ್ಟಿನಲ್ಲಿ ಇವೆರಡೂ ಸ್ಥಾನ ಬದಲಿಸುತ್ತವೆ, ಅದೂ ಸರಿಯೇ. ಹೀಗಾಗಿ ‘ಗಾತ್ರಕ್ಕನುಗುಣವಾಗಿ’ ಎನ್ನುವುದಕ್ಕಿಂತ ‘ವ್ಯಾಸಕ್ಕನುಗುಣವಾಗಿ’ ಎಂದು ಬರೆಯುವುದು ಲೇಸು.

ಇವೆರಡಕ್ಕೂ ಸೇರದ ಮೂರನೆಯ ಸಾಲೊಂದು ಮಕ್ಕಳ ಚಾರ್ಟಿನೊಳಗೆ ಅರಿವಿಲ್ಲದೆ ನುಸುಳುವುದುಂಟು. ಮಂಗಳ, ಬುಧ, ಗುರು, ಶುಕ್ರ, ಶನಿ ಎಂಬ ವಾರಗಳ ಸಾಲದು. ಹುಟ್ಟಿದಾಗಿನಿಂದ ಕೇಳಿದ ಕ್ರಮವಾದುದರಿಂದ ಅದೇ ನಾಲಗೆಗೆ ಬರುತ್ತದೆ. ಬುಧನ ನಂತರ ಗುರು ಬಂದಿದ್ದರೆ ಮಗು ವಾರಗಳನ್ನು ಎಣಿಸಿದೆಯೆಂದು ತಿಳಿಯಬೇಕು. ವಾರಗಳ ಹೆಸರಿನಲ್ಲಿ ಸೂರ್ಯ ಚಂದ್ರರು ಸೇರಿದ್ದಾರೆ, ಭೂಮಿ ಇಲ್ಲ. ಆ ಸಾಲಿನ ಉದ್ದೇಶವೇ ಬೇರೆ.

ದೂರದ ಚಾರ್ಟ್

ಅಂಗಡಿಯಲ್ಲಿ ದೊರೆಯುವ ಸಾಮಾನ್ಯ ಚಾರ್ಟ್ ಹಾಳೆ ಸುಮಾರು 71 ಸೆಂ.ಮೀ. ಉದ್ದ, 56 ಸೆಂ.ಮೀ. ಅಗಲ ಇರುತ್ತದೆ. ಸೂರ್ಯನಿಂದ ಭೂಮಿಗಿರುವ ಸರಾಸರಿ ದೂರ ಸುಮಾರು 15 ಕೋಟಿ ಕಿ.ಮೀ. ಇದನ್ನು ಒಂದು ಖಗೋಳಮಾನ ಎನ್ನುತ್ತಾರೆ. ನೆಪ್ಚೂನ್ ಇರುವುದು ಇದರ 30 ಪಟ್ಟು ದೂರದಲ್ಲಿ. ಒಂದು ಖಗೋಳಮಾನಕ್ಕೆ 2 ಸೆಂ.ಮೀ. ಎಂದು ಹಿಡಿದರೆ ಇಡೀ ಸೌರವ್ಯೂಹ 60 ಸೆಂ.ಮೀ.ಯಲ್ಲಿ ಹಿಡಿಸುತ್ತದೆ. ಎಡ ಅಂಚಿನಲ್ಲಿ ಸೂರ್ಯನ ಗುರುತು ಹಾಕಿ, ಅಲ್ಲಿಂದ ಗೆರೆಯೆಳೆದು ಹೀಗೆ ಅಳೆಯಬೇಕು:

ಬುಧ – 0.8 ಸೆಂ.ಮೀ.
ಶುಕ್ರ – 1.4 ಸೆಂ.ಮೀ.
ಭೂಮಿ – 2 ಸೆಂ.ಮೀ.
ಮಂಗಳ – 3 ಸೆಂ.ಮೀ.
ಗುರು – 10.4 ಸೆಂ.ಮೀ.
ಶನಿ – 19.1 ಸೆಂ.ಮೀ.
ಯುರೇನಸ್ – 38.4 ಸೆಂ.ಮೀ.
ನೆಪ್ಚೂನ್ – 60.2 ಸೆಂ.ಮೀ.

ಈ ಗೆರೆಯನ್ನು ಎಳೆದ ಮಗುವಿಗೆ ಮೊದಲು ಆಗುವುದು ಅಚ್ಚರಿ. ಮೊದಲ ಮೂರು ಸೆಂ.ಮೀ.ಯೊಳಗೆ ನಾಲ್ಕು ಗ್ರಹಗಳು ಒತ್ತಿಕೊಂಡಿವೆ. ಗೆರೆಯ ಬಲಗಡೆಯ ಅರ್ಧದಲ್ಲಿ ಇರುವುದು ಎರಡೇ ಎರಡು. ಇದನ್ನು ಕಂಡು ಅನೇಕ ಮಕ್ಕಳು ತಾವು ತಪ್ಪಿದೆವೆಂದು ಭಾವಿಸಿ, ಗ್ರಹಗಳನ್ನು ಸಮಾನ ಅಂತರದಲ್ಲಿ ಹರಡಿಬಿಡುತ್ತಾರೆ. ವಾಸ್ತವವಾಗಿ ಆ ಇಕ್ಕಟ್ಟು ಮತ್ತು ಆ ಬಯಲನ್ನು ತೋರಿಸುವುದೇ ದೂರದ ಚಾರ್ಟಿನ ಕೆಲಸ. ಹೆಸರು ಬರೆಯಲು ಎಡೆಯಿಲ್ಲದಲ್ಲಿ ಓರೆಗೆರೆಗಳನ್ನು ಮೇಲಕ್ಕೂ ಕೆಳಕ್ಕೂ ಎಳೆದು, ಖಾಲಿ ಜಾಗದಲ್ಲಿ ಹೆಸರು ಬರೆದರಾಯಿತು.

ಈ ಪ್ರಮಾಣದಲ್ಲಿ ಗ್ರಹಗಳನ್ನು ಎಷ್ಟು ದೊಡ್ಡದಾಗಿ ಬಿಡಿಸಬೇಕು? ಸೂರ್ಯನ ವ್ಯಾಸ ಸುಮಾರು 13 ಲಕ್ಷ 90 ಸಾವಿರ ಕಿ.ಮೀ.; ನಮ್ಮ ಹಾಳೆಯ ಮೇಲೆ ಅದು ಒಂದು ಮಿ.ಮೀ.ಯ ಐದನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಪೆನ್ಸಿಲ್ ಮೊನೆಯಿಂದ ಇಟ್ಟ ಚುಕ್ಕೆಯೇ ಸೂರ್ಯನಿಗಿಂತ ದೊಡ್ಡದಾಗುತ್ತದೆ. ಗುರುವಂತೂ ಕಣ್ಣಿಗೆ ಕಾಣದು. ಆದುದರಿಂದ ಇಲ್ಲಿ ಎಲ್ಲ ಗ್ರಹಗಳಿಗೂ ಒಂದೇ ಅಳತೆಯ ಚುಕ್ಕೆ ಇಟ್ಟು, ‘ಚುಕ್ಕೆಗಳು ಸ್ಥಾನವನ್ನು ಮಾತ್ರ ಸೂಚಿಸುತ್ತವೆ’ ಎಂದು ಕೆಳಗೆ ಬರೆಯುವುದು ಪ್ರಾಮಾಣಿಕ ಮಾರ್ಗ.

ಗಾತ್ರದ ಚಾರ್ಟ್

ಅದೇ ಅಳತೆಯ ಇನ್ನೊಂದು ಹಾಳೆಯನ್ನು ತೆಗೆದುಕೊಂಡು, 12,756 ಕಿ.ಮೀ. ವ್ಯಾಸದ ಭೂಮಿಯನ್ನು 1 ಸೆಂ.ಮೀ. ಎಂದು ಹಿಡಿಯೋಣ. ಆಗ ಗುರುವಿನ ವ್ಯಾಸ 11.2, ಶನಿಯದು 9.4, ಯುರೇನಸ್ 4, ನೆಪ್ಚೂನ್ 3.9, ಶುಕ್ರ 0.95, ಮಂಗಳ 0.5, ಬುಧ 0.4 ಸೆಂ.ಮೀ. ಆಗುತ್ತವೆ. ಎಂಟನ್ನೂ ಒತ್ತಟ್ಟಿಗೆ ಇಟ್ಟರೆ ಮೂವತ್ತೊಂದೂವರೆ ಸೆಂ.ಮೀ. ಮೀರುವುದಿಲ್ಲ. ಶನಿಯ ಮುಖ್ಯ ಬಳೆಗಳ ಹೊರ ಅಂಚಿನಿಂದ ಅಂಚಿಗೆ ಸುಮಾರು ಇಪ್ಪತ್ತೊಂದೂವರೆ ಸೆಂ.ಮೀ. ಬೇಕಾಗುವುದರಿಂದ ಅದಕ್ಕೆ ಮೊದಲೇ ಜಾಗ ಬಿಟ್ಟುಕೊಳ್ಳಬೇಕು. ಬಳೆಗಳನ್ನು ಮರೆತು ಗ್ರಹಗಳನ್ನೆಲ್ಲ ಬಿಡಿಸಿ, ಕೊನೆಗೆ ಗುರುವಿನ ಮೇಲೆಯೇ ಬಳೆ ಹಾಯುವಂತೆ ಮಾಡುವುದು ಸಾಮಾನ್ಯವಾದ ಅವಘಡ.

ಸೂರ್ಯನನ್ನೂ ಸೇರಿಸಬೇಕೆಂದರೆ ಅವನ ವ್ಯಾಸ 109 ಸೆಂ.ಮೀ. ಆಗುತ್ತದೆ, ಹಾಳೆಯೇ ಅಷ್ಟಿಲ್ಲ. ಚಾರ್ಟನ್ನು ನೆಲದ ಮೇಲೆ ಹಾಸಿ, ಐವತ್ತನಾಲ್ಕೂವರೆ ಸೆಂ.ಮೀ. ದಾರದ ಒಂದು ತುದಿಯನ್ನು ಹಾಳೆಯ ಹೊರಗೆ ಎಡಕ್ಕೆ ಹಿಡಿದು, ಇನ್ನೊಂದು ತುದಿಗೆ ಪೆನ್ಸಿಲ್ ಕಟ್ಟಿ, ಎಡ ಅಂಚಿನಲ್ಲಿ ಮೂರು ಸೆಂ.ಮೀ. ಮಾತ್ರ ಒಳಚಾಚಿದ ಕಮಾನನ್ನು ಎಳೆಯಬಹುದು. ಸೂರ್ಯನ ಒಂದು ಅಂಚಿನ ಮುಂದೆ ಭೂಮಿ ಏನೆಂಬುದನ್ನು ಆ ಕಮಾನು ಹೇಳುತ್ತದೆ.

ಇಲ್ಲಿ ಹೆಚ್ಚಾಗಿ ಆಗುವ ತಪ್ಪು ಕೈವಾರದ್ದು. ಮೇಲೆ ಕೊಟ್ಟಿರುವುದು ವ್ಯಾಸ. ಕೈವಾರವನ್ನು ತೆರೆಯಬೇಕಾದುದು ಅದರ ಅರ್ಧಕ್ಕೆ, ಅಂದರೆ ತ್ರಿಜ್ಯಕ್ಕೆ. ಗುರುವಿಗೆ 5.6 ಸೆಂ.ಮೀ. ತೆರೆದ ಮಗು, ಮುಂದಿನ ಗ್ರಹಕ್ಕೆ ಬರುವಾಗ ಅರ್ಧ ಮಾಡುವುದನ್ನು ಮರೆತರೆ ಶನಿಯು ಗುರುವಿಗಿಂತ ದೊಡ್ಡದಾಗಿಬಿಡುತ್ತದೆ. ಇನ್ನೊಂದು ಮಾತು: ಭೂಮಿ ಮತ್ತು ಶುಕ್ರರ ವ್ಯತ್ಯಾಸ ಈ ಹಾಳೆಯಲ್ಲಿ ಅರ್ಧ ಮಿ.ಮೀ., ಯುರೇನಸ್ ಮತ್ತು ನೆಪ್ಚೂನ್‌ಗಳದು ಸುಮಾರು ಒಂದು ಮಿ.ಮೀ. ಇವು ಕಣ್ಣಿಗೆ ಕಾಣುವಂಥವಲ್ಲ. ಆದುದರಿಂದ ಪ್ರತಿ ಗ್ರಹದ ಕೆಳಗೆ ಅದರ ವ್ಯಾಸವನ್ನು ಅಂಕಿಗಳಲ್ಲಿ ಬರೆದರೆ ಕ್ರಮಕ್ಕೆ ಕಾರಣ ದೊರೆಯುತ್ತದೆ.

ಎರಡನ್ನೂ ಒಟ್ಟಿಗೆ ತೋರಿಸಬಹುದೇ?

ಗಾತ್ರವನ್ನೂ ದೂರವನ್ನೂ ಒಂದೇ ಪ್ರಮಾಣದಲ್ಲಿ ತೋರಿಸುವ ಚಾರ್ಟನ್ನು ಯಾವ ಶಾಲೆಯ ಗೋಡೆಯ ಮೇಲೂ ತೂಗುಹಾಕಲಾಗದು. ಭೂಮಿ 1 ಸೆಂ.ಮೀ. ಇರುವ ಹಾಳೆಯಲ್ಲಿ ಸೂರ್ಯನಿಂದ ಭೂಮಿಗೆ 117 ಮೀಟರ್ ಬೇಕು, ನೆಪ್ಚೂನ್‌ಗೆ ಮೂರೂವರೆ ಕಿ.ಮೀ. ಬೇಕು. ಪಠ್ಯಪುಸ್ತಕಗಳ ಚಿತ್ರಗಳು ಎರಡನ್ನೂ ಒಂದೇ ಪುಟದಲ್ಲಿ ತೋರಿಸುವುದು, ಎರಡನ್ನೂ ಅಥವಾ ಒಂದನ್ನು ಕುಗ್ಗಿಸಿಯೇ.

ಆದರೆ ಗೋಡೆ ಬಿಟ್ಟು ಬಯಲಿಗೆ ಬಂದರೆ ಇದು ಸಾಧ್ಯ. ಭೂಮಿಯನ್ನು 1 ಮಿ.ಮೀ. ಎಂದು ಹಿಡಿದರೆ ಸೂರ್ಯ 11 ಸೆಂ.ಮೀ. ಅಡ್ಡಳತೆಯ ಚೆಂಡು. ಅದನ್ನು ಆಟದ ಮೈದಾನದ ಒಂದು ತುದಿಯಲ್ಲಿರಿಸಿ, ಟೇಪು ಹಿಡಿದು ನಡೆಯಬೇಕು. ನಾಲ್ಕೂವರೆ ಮೀಟರಿನಲ್ಲಿ ಬುಧ, ಸಣ್ಣ ರವೆಯ ಒಂದು ಕಣ. ಎಂಟೂವರೆ ಮೀಟರಿನಲ್ಲಿ ಶುಕ್ರ, ಸುಮಾರು ಹನ್ನೆರಡು ಮೀಟರಿನಲ್ಲಿ ಭೂಮಿ. ಎರಡೂ ಸಣ್ಣ ಸಾಸಿವೆ ಕಾಳುಗಳು. ಹದಿನೆಂಟು ಮೀಟರಿನಲ್ಲಿ ಮಂಗಳ, ಒಂದು ಗಸಗಸೆ. ಆಮೇಲೆ ಬಹಳ ಹೊತ್ತು ಏನೂ ಇಲ್ಲ. 61 ಮೀಟರಿನಲ್ಲಿ ಗುರು, ಚಿಕ್ಕದೊಂದು ಗೋಲಿ. 112 ಮೀಟರಿನಲ್ಲಿ ಶನಿ, ದಪ್ಪ ಕಡಲೆ ಕಾಳು. ಮೈದಾನ ಇಲ್ಲಿಗೇ ಮುಗಿದಿರುತ್ತದೆ. ಗೇಟು ದಾಟಿ ರಸ್ತೆಯಲ್ಲಿ ಮುಂದುವರಿದರೆ 225 ಮೀಟರಿನಲ್ಲಿ ಯುರೇನಸ್, 353 ಮೀಟರಿನಲ್ಲಿ ನೆಪ್ಚೂನ್. ಎರಡಕ್ಕೂ ಒಂದೊಂದು ಮೆಣಸಿನ ಕಾಳು. ಗ್ರಹಗಳು ನಿಜವಾಗಿ ಹೀಗೆ ಒಂದೇ ಗೆರೆಯಲ್ಲಿ ನಿಂತಿರುವುದಿಲ್ಲ. ಪ್ರತಿಯೊಂದೂ ತನ್ನ ಕಕ್ಷೆಯಲ್ಲಿ ಬೇರೆ ಬೇರೆ ಕಡೆ ಇರುತ್ತದೆ. ಇದನ್ನು ನಡಿಗೆಯ ಆರಂಭದಲ್ಲಿಯೇ ಮಕ್ಕಳಿಗೆ ತಿಳಿಸಬೇಕು.

ಚಾರ್ಟನ್ನು ಪರೀಕ್ಷಿಸುವ ಬಗೆ

ಗೋಡೆಯ ಮೇಲಿರುವ ಚಾರ್ಟ್ ಯಾವ ಪ್ರಶ್ನೆಗೆ ಉತ್ತರವೆಂದು ತಿಳಿಯಲು ಅಳತೆಪಟ್ಟಿಯೊಂದು ಸಾಕು. ಭೂಮಿಯಿಂದ ಮಂಗಳಕ್ಕಿರುವ ಅಂತರವನ್ನು ಅಳೆಯಿರಿ. ಮಂಗಳದಿಂದ ಗುರುವಿಗಿರುವ ಅಂತರ ಅದರ ಸುಮಾರು ಏಳು ಪಟ್ಟಿದ್ದರೆ ಅದು ದೂರದ ಪ್ರಮಾಣಕ್ಕೆ ನಿಷ್ಠವಾಗಿದೆ. ಗುರುವಿನ ಅಡ್ಡಳತೆ ಭೂಮಿಯ ಹನ್ನೊಂದು ಪಟ್ಟಿದ್ದರೆ ಗಾತ್ರದ ಪ್ರಮಾಣಕ್ಕೆ ನಿಷ್ಠವಾಗಿದೆ. ಎರಡೂ ಇಲ್ಲದಿದ್ದರೆ ಅದು ಕ್ರಮವನ್ನಷ್ಟೇ ಹೇಳುವ ಚಿತ್ರ. ಅದೂ ತಪ್ಪಲ್ಲ, ‘ಚಿತ್ರವು ಪ್ರಮಾಣಬದ್ಧವಲ್ಲ’ ಎಂಬ ಒಂದು ಸಾಲು ಕೆಳಗಿರಬೇಕು.

ಆ ಬಾಲಕಿಯ ಚಾರ್ಟಿಗೆ ಬೇಕಾಗಿದ್ದದ್ದೂ ಅಂಥದೇ ಒಂದು ಸಾಲು. ಸಂಜೆ ಪ್ರದರ್ಶನ ಮುಗಿಯುವ ಮುನ್ನ ಇನ್ನೊಮ್ಮೆ ಅತ್ತ ಹೋದೆ. ‘ಸೌರವ್ಯೂಹ’ ಎಂಬುದರ ಕೆಳಗೆ ಹಸಿರು ಸ್ಕೆಚ್ ಪೆನ್ನಿನಲ್ಲಿ ‘ವ್ಯಾಸದ ಇಳಿಕೆಯ ಕ್ರಮದಲ್ಲಿ ಗ್ರಹಗಳು’ ಎಂದು ಸೇರಿಸಿದ್ದಳು. ಗ್ರಹಗಳಲ್ಲಿ ಒಂದನ್ನೂ ಕದಲಿಸಿರಲಿಲ್ಲ.