ಓದಿದ್ದು ಉಳಿಯಿತೆ? ಮಕ್ಕಳೇ ಅಳೆದುಕೊಳ್ಳಲಿ

ಹತ್ತನೆಯ ತರಗತಿಯ ಮಕ್ಕಳಿರುವ ಮನೆಗಳಲ್ಲಿ ನಾವು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ಪಾಠ ಓದಿದೆಯಾ?" ಮಕ್ಕಳು "ಓದಿದೆ" ಎನ್ನುತ್ತಾರೆ. ಅವರು ಹೇಳುವುದು ಸುಳ್ಳಲ್ಲ. ಪಾಠವನ್ನು ನಾಲ್ಕು ಸಲ ಓದಿರುತ್ತಾರೆ, ಮುಖ್ಯ ಸಾಲುಗಳ ಕೆಳಗೆ ಗೆರೆ ಎಳೆದಿರುತ್ತಾರೆ. ಆದರೂ ಪರೀಕ್ಷೆಯ ಕೊಠಡಿಯಲ್ಲಿ ಉತ್ತರ ನೆನಪಿಗೆ ಬಾರದು. ಪದೇ ಪದೇ ಓದಿದ ಪುಟ ಕಣ್ಣಿಗೆ ಪರಿಚಿತವಾಗುತ್ತದೆ. ಆ ಪರಿಚಯವನ್ನೇ ಮನಸ್ಸು ತಿಳಿವಳಿಕೆಯೆಂದು ಭ್ರಮಿಸುತ್ತದೆ.

ಅಮೆರಿಕದ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನು ಸ್ಪಷ್ಟಪಡಿಸಿತು. ಕಾಲೇಜು ವಿದ್ಯಾರ್ಥಿಗಳ ಒಂದು ತಂಡ ಚಿಕ್ಕದೊಂದು ಗದ್ಯಭಾಗವನ್ನು ನಾಲ್ಕು ಅವಧಿಗಳಲ್ಲಿಯೂ ಓದಿತು. ಇನ್ನೊಂದು ತಂಡ ಒಂದು ಅವಧಿಯಲ್ಲಿ ಮಾತ್ರ ಓದಿ, ಉಳಿದ ಮೂರು ಅವಧಿಗಳಲ್ಲಿ ಅದನ್ನು ನೋಡದೆ ನೆನಪಿನಿಂದ ಬರೆಯಿತು. ಐದು ನಿಮಿಷಗಳ ಬಳಿಕ ಪರೀಕ್ಷಿಸಿದಾಗ ಓದಿದವರೇ ಮುಂದಿದ್ದರು. ಒಂದು ವಾರದ ಬಳಿಕವಾದರೋ ಓದಿದವರಿಗೆ ಶೇಕಡ 40ರಷ್ಟು ಮಾತ್ರ ನೆನಪಿತ್ತು. ನೆನಪಿನಿಂದ ಬರೆದವರಿಗೆ ಶೇಕಡ 61ರಷ್ಟು ಉಳಿದಿತ್ತು. ಗಮನಿಸಬೇಕಾದ ಸಂಗತಿಯೆಂದರೆ, ತಮಗೆ ಚೆನ್ನಾಗಿ ನೆನಪಿರುತ್ತದೆಂಬ ಹೆಚ್ಚಿನ ಭರವಸೆ ಇದ್ದುದು ಬರಿದೆ ಓದಿದವರಲ್ಲಿಯೇ.

ತನಗೆ ಏನು ತಿಳಿದಿದೆ, ಏನು ತಿಳಿದಿಲ್ಲ ಎಂಬುದನ್ನು ತಾನೇ ಅರಿಯುವ ಈ ಶಕ್ತಿಯನ್ನು 'ಅರಿವಿನ ಅರಿವು' ಎನ್ನಬಹುದು. 1970ರ ದಶಕದಲ್ಲಿ ಜಾನ್ ಫ್ಲಾವೆಲ್ ಎಂಬ ಮನಶ್ಶಾಸ್ತ್ರಜ್ಞರು ಇದಕ್ಕೊಂದು ಶಾಸ್ತ್ರೀಯ ಹೆಸರನ್ನಿತ್ತರು. ಇದನ್ನು ಮಕ್ಕಳಿಗೆ ಕಲಿಸಬಹುದು. ಅದಕ್ಕೆ ಬೇಕಾದುದು ಒಂದು ನೋಟುಪುಸ್ತಕ ಮಾತ್ರ.

ಉದಾಹರಣೆಗೆ, ಬಾಲಕಿಯೊಬ್ಬಳು ವಿಜ್ಞಾನದಲ್ಲಿ ವಿದ್ಯುಚ್ಛಕ್ತಿಯ ಪಾಠವನ್ನು ಓದುತ್ತಿದ್ದಾಳೆ ಎಂದು ಭಾವಿಸೋಣ. "ಇಂದು ವಿಜ್ಞಾನ ಓದುತ್ತೇನೆ" ಎಂಬುದು ಯೋಜನೆಯಾಗದು. ಅದು ಮುಗಿಯಿತೋ ಇಲ್ಲವೋ ಎಂದು ಹೇಳಲಾಗದು. "ಓಮ್‌ನ ನಿಯಮ ಹಾಗೂ ರೋಧಕಗಳ ಜೋಡಣೆಯನ್ನು ಓದಿ, ನಾಳೆ ಪುಸ್ತಕ ನೋಡದೆ ಐದು ಪ್ರಶ್ನೆಗಳಿಗೆ ಉತ್ತರಿಸುತ್ತೇನೆ" ಎಂಬುದು ಯೋಜನೆ. ಮರುದಿನ, ಉತ್ತರ ಬರೆಯುವ ಮೊದಲು, ಹತ್ತಕ್ಕೆ ಎಷ್ಟು ಅಂಕ ಬರಬಹುದೆಂದು ಅವಳು ಊಹಿಸಿ ಬರೆದಿಡಲಿ. ಓದಿದ ಕೂಡಲೇ ಊಹಿಸಬಾರದು; ಆಗ ಪುಸ್ತಕದ ಮಾತು ಇನ್ನೂ ಮನಸ್ಸಿನಲ್ಲಿ ಹಸಿಯಾಗಿದ್ದು ಊಹೆಯನ್ನು ತಪ್ಪಿಸುತ್ತದೆ.

ಅವಳು 9 ಎಂದು ಊಹಿಸಿದಳು, ಬಂದುದು 5. ಈಗ ತಪ್ಪುಗಳನ್ನು ವಿಂಗಡಿಸಬೇಕು. ಓಮ್‌ನ ನಿಯಮದಲ್ಲಿ 'ತಾಪವು ಸ್ಥಿರವಾಗಿರುವಾಗ' ಎಂಬ ಮಾತನ್ನು ಬಿಟ್ಟು ಒಂದು ಅಂಕ ಕಳೆದುಕೊಂಡಳು. ಇದು ಮರೆವು, ನೆನಪಿನಿಂದ ಮತ್ತೆರಡು ದಿನ ಬರೆದರೆ ಸರಿಹೋಗುತ್ತದೆ. ಮಂಡಲದ ಚಿತ್ರದಲ್ಲಿ ವೋಲ್ಟ್‌ಮೀಟರನ್ನು ಸರಣಿಯಲ್ಲಿ ಜೋಡಿಸಿ ಎರಡು ಅಂಕ ಹೋದವು. ಅದು ಅಳೆಯುವುದು ಎರಡು ತುದಿಗಳ ನಡುವಣ ವ್ಯತ್ಯಾಸವನ್ನು ಎಂಬುದೇ ಅವಳಿಗೆ ತಿಳಿದಿರಲಿಲ್ಲ. ಇದನ್ನು ಗುರುಗಳಲ್ಲಿಯೇ ಕೇಳಬೇಕು. ನೂರು ಸಲ ಬರೆದರೂ ತಿಳಿಯದು.

ಮೂರನೆಯದು ಬೇರೆ ಬಗೆಯದು. 6 ಓಮ್ ಮತ್ತು 3 ಓಮ್ ರೋಧಕಗಳು ಸಮಾಂತರವಾಗಿದ್ದಾಗ ಒಟ್ಟು ರೋಧವನ್ನು 9 ಓಮ್ ಎಂದು ಕೂಡಿಸಿಬಿಟ್ಟಳು. ಸರಿಯಾದ ಉತ್ತರ 2 ಓಮ್. ಸೂತ್ರ ಅವಳಿಗೆ ಕಂಠಪಾಠವಾಗಿತ್ತು. ಯಾವುದನ್ನು ಎಲ್ಲಿ ಬಳಸಬೇಕೆಂಬುದು ತಪ್ಪಿತು. ಒಂದೇ ಬಗೆಯ ಲೆಕ್ಕಗಳನ್ನು ಸಾಲಾಗಿ ಮಾಡಿದವರಿಗೆ ಇದು ಸಹಜ. ಸರಣಿಯ ಮೂರು, ಸಮಾಂತರದ ಮೂರು ಲೆಕ್ಕಗಳನ್ನು ಬೆರೆಸಿ ಮಾಡುವುದೇ ಇದಕ್ಕೆ ಮದ್ದು. ಸಮಾಂತರ ಜೋಡಣೆಯಲ್ಲಿ ಒಟ್ಟು ರೋಧವು ಅತಿ ಚಿಕ್ಕ ರೋಧಕಕ್ಕಿಂತಲೂ ಕಡಿಮೆಯಿರಬೇಕು. ಇದನ್ನು ನೋಡಿಕೊಳ್ಳುವ ಅಭ್ಯಾಸವಾದರೆ, 9 ಎಂದು ಬರೆದ ಕ್ಷಣವೇ ತಪ್ಪು ಕಣ್ಣಿಗೆ ಬೀಳುತ್ತದೆ.

ಮೂರು ದಿನಗಳ ಬಳಿಕ ಹೊಸ ಐದು ಪ್ರಶ್ನೆಗಳು. ಊಹೆ 7, ಬಂದುದು 8. ಅಂಕ ಹೆಚ್ಚಿದ್ದು ಸಂತೋಷವೇ. ಆದರೆ ಊಹೆಗೂ ಫಲಕ್ಕೂ ಇದ್ದ ಅಂತರವು ನಾಲ್ಕರಿಂದ ಒಂದಕ್ಕಿಳಿದುದು ಅದಕ್ಕಿಂತ ಹೆಚ್ಚಿನ ಲಾಭ. ಯಾವ ಭಾಗವನ್ನು ಬಿಡಬಹುದು, ಯಾವುದಕ್ಕೆ ಸಮಯ ಕೊಡಬೇಕೆಂದು ಅವಳೇ ಈಗ ತೀರ್ಮಾನಿಸಬಲ್ಲಳು.

ಈ ಕ್ರಮಕ್ಕೂ ಮಿತಿಯುಂಟು. ಪಾಠವೇ ಅರ್ಥವಾಗದ ಮಗು ತನ್ನನ್ನು ತಾನು ಪರೀಕ್ಷಿಸಿಕೊಂಡರೆ ಬರಿಯ ನಿರಾಶೆ ಉಳಿಯುತ್ತದೆ. ಮೊದಲು ಕಲಿಸುವವರು ಬೇಕು. ತನ್ನ ಉತ್ತರವನ್ನು ತಾನೇ ತಿದ್ದುವಾಗ ಮಗು ಧಾರಾಳವಾಗಿ ಅಂಕ ಕೊಟ್ಟುಕೊಳ್ಳುವುದೂ ಉಂಟು. ಆದ್ದರಿಂದ ಉತ್ತರವನ್ನು ಪುಸ್ತಕದೊಡನೆ ಸಾಲು ಸಾಲಾಗಿ ಹೋಲಿಸಬೇಕು.

ತಾಯಿತಂದೆಗಳು ಎಚ್ಚರ ವಹಿಸಬೇಕಾದ ಸಂಗತಿಯೂ ಒಂದಿದೆ. ಆ ನೋಟುಪುಸ್ತಕವನ್ನು ಅಂಕಪಟ್ಟಿಯಂತೆ ಹಿಡಿದು ಗದರಿಸಿದರೆ, ಮರುದಿನದಿಂದ ಮಗು ನಿಜವನ್ನು ಬರೆಯುವುದಿಲ್ಲ. ಬೈಗುಳ ತಪ್ಪಿಸುವ ಸಂಖ್ಯೆಗಳನ್ನು ಬರೆಯುತ್ತದೆ. ಊಹೆಯೂ ಫಲವೂ ಪ್ರತಿದಿನ ಒಂದೇ ಆಗಿ ಕಂಡರೆ ಹಾಗಾಗಿದೆಯೆಂದು ಶಂಕಿಸಬೇಕು. "ಎಷ್ಟು ಬಂತು?" ಎಂಬುದರ ಬದಲು "ಎಲ್ಲಿ ಊಹೆ ತಪ್ಪಿತಮ್ಮಾ? ನಾಳೆ ಏನು ಬದಲಿಸುವೆ?" ಎಂದು ಕೇಳೋಣ. ಉತ್ತರವನ್ನು ಮಗುವೇ ಹುಡುಕಲಿ.