ಮಗುವಿನ ಹೆಸರಿಗೆ ಸಂಖ್ಯಾಶಾಸ್ತ್ರ: ಲೆಕ್ಕ ನಿಂತಿರುವುದು ಇಂಗ್ಲಿಷ್ ಅಕ್ಷರಗಳ ಮೇಲೆ

ನಮ್ಮ ಕುಂದಾಪುರವನ್ನು ಇಂಗ್ಲಿಷಿನಲ್ಲಿ ಹೇಗೆಲ್ಲ ಬರೆಯುತ್ತಾರೆ ಎಂದು ನೋಡಿ. ಈಗ ಬಳಕೆಯಲ್ಲಿರುವುದು KUNDAPURA. ಹಲವರು ಕೊನೆಯ ಅಕ್ಷರ ಬಿಟ್ಟು KUNDAPUR ಎನ್ನುತ್ತಾರೆ. ಬ್ರಿಟಿಷರ ಕಾಲದ ದಾಖಲೆಗಳಲ್ಲಿ COONDAPOOR ಎಂದಿದೆ. ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಇವು ಕ್ರಮವಾಗಿ 8, 7 ಮತ್ತು 6 ಆಗುತ್ತವೆ. ಬೈಂದೂರಿಗೂ BYNDOOR ಎಂದರೆ 1, BAINDUR ಎಂದರೆ 3. ಬ್ರಹ್ಮಾವರಕ್ಕೆ BRAHMAVAR ಎಂದರೆ 6, ಕೊನೆಗೆ ಒಂದು A ಸೇರಿಸಿದರೆ 7. ಊರು ಅದೇ, ಕರೆಯುವುದೂ ಹಾಗೆಯೇ, ಸಂಖ್ಯೆ ಮಾತ್ರ ಬೇರೆ.

ಮಗುವಿಗೆ ಸಂಖ್ಯೆ ನೋಡಿ ಹೆಸರಿಡುವ ಕುಟುಂಬಗಳು ಮೊದಲು ತಿಳಿಯಬೇಕಾದದ್ದು ಇದನ್ನೇ. ಈ ಲೆಕ್ಕ ಕನ್ನಡದ ಹೆಸರಿಗಲ್ಲ, ಅದರ ಇಂಗ್ಲಿಷ್ ಸ್ಪೆಲ್ಲಿಂಗಿಗೆ. ಹಾಗಾಗಿ ಹೆಚ್ಚಿನ ಸಂದರ್ಭಗಳಲ್ಲಿ ಸಂಖ್ಯೆಗಾಗಿ ಹೆಸರನ್ನೇ ಬದಲಿಸುವ ಅಗತ್ಯ ಬರುವುದಿಲ್ಲ.

ಲೆಕ್ಕದ ಕ್ರಮ

ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವುದು ಚಾಲ್ಡಿಯನ್ ಪದ್ಧತಿ. ಕೀರೋ ಎಂಬ ಲೇಖಕನ ಪುಸ್ತಕಗಳಿಂದ ಇದು ಪ್ರಚಾರಕ್ಕೆ ಬಂತು. ಅದರಲ್ಲಿ ಅಕ್ಷರಗಳ ಬೆಲೆ ಹೀಗಿದೆ:

```
1: A I J Q Y    2: B K R    3: C G L S
4: D M T        5: E H N X  6: U V W
7: O Z          8: F P
```

ಹೆಸರಿನ ಎಲ್ಲ ಅಕ್ಷರಗಳ ಬೆಲೆಯನ್ನು ಕೂಡಿಸಿ, ಬಂದ ಮೊತ್ತದ ಅಂಕಿಗಳನ್ನು ಮತ್ತೆ ಕೂಡಿಸಿ ಒಂದೇ ಅಂಕಿಗೆ ತಂದರೆ ಅದು ನಾಮಾಂಕ. ಹುಟ್ಟಿದ ದಿನಾಂಕವನ್ನು ಮಾತ್ರ ಕೂಡಿಸಿದರೆ ಜನ್ಮಾಂಕ. ದಿನ, ತಿಂಗಳು, ವರ್ಷ ಮೂರನ್ನೂ ಕೂಡಿಸಿದರೆ ಭಾಗ್ಯಾಂಕ. ನಾಮಾಂಕವು ಜನ್ಮಾಂಕಕ್ಕೂ ಭಾಗ್ಯಾಂಕಕ್ಕೂ ಹೊಂದಬೇಕು ಎಂಬುದು ಈ ಪದ್ಧತಿಯವರ ಮಾತು. 4 ಮತ್ತು 8ನ್ನು ಹಲವರು ತಪ್ಪಿಸಲು ನೋಡುತ್ತಾರೆ.

ಒಂದು ಉದಾಹರಣೆ

12-01-2025ರಂದು ಹೆಣ್ಣುಮಗು ಹುಟ್ಟಿದೆ ಎಂದಿಟ್ಟುಕೊಳ್ಳೋಣ. ಜನ್ಮಾಂಕ 1+2=3. ಭಾಗ್ಯಾಂಕ 1+2+0+1+2+0+2+5=13, ಅಂದರೆ 4. ಭಗವಾನ್ ಮಹಾವೀರರ ತಾಯಿಯ ಹೆಸರು ತ್ರಿಶಲಾ ಎಂದಿಡಬೇಕೆಂಬುದು ಅಜ್ಜಿಯ ಆಸೆ. ಹೆಸರಿನೊಂದಿಗೆ ಜೈನ್ ಎಂದಿರಲಿ ಎಂಬುದು ತಂದೆಯ ಇಚ್ಛೆ. ಹೊರ ಊರಿನವರೂ ತಪ್ಪಿಲ್ಲದೆ ಓದುವಂತಿರಲಿ ಎಂಬುದು ತಾಯಿಯ ಮಾತು.

TRISHALA ಎಂದು ಬರೆದರೆ 4+2+1+3+5+1+3+1=20, ನಾಮಾಂಕ 2. ಕರಾವಳಿಯಲ್ಲಿ ನಾವು 'ತ' ಅಕ್ಷರಕ್ಕೆ TH ಬರೆಯುವುದು ರೂಢಿ. ಹಾಗೆ THRISHALA ಎಂದರೆ ಮೊತ್ತ 25, ನಾಮಾಂಕ 7. JAIN ಪದಕ್ಕೆ 8. ಅದನ್ನು ಸೇರಿಸಿದರೆ TRISHALA JAIN 28, ಅಂದರೆ 1. THRISHALA JAIN 33, ಅಂದರೆ 6.

ಜನ್ಮಾಂಕ 3ಕ್ಕೆ ಇವುಗಳಲ್ಲಿ ಯಾವುದು ಹೊಂದುತ್ತದೆ? ಉತ್ತರ ಹೇಳುವವರನ್ನು ಅವಲಂಬಿಸಿದೆ. ಗ್ರಹಗಳ ಸ್ನೇಹ ನೋಡುವವರು 3 ಗುರು, 1 ಸೂರ್ಯ, ಆದ್ದರಿಂದ 1 ಒಳ್ಳೆಯದು ಎನ್ನುತ್ತಾರೆ. 6 ಶುಕ್ರನದಾದ್ದರಿಂದ ಬೇಡ ಎನ್ನುತ್ತಾರೆ. ಕೀರೋನ ಕ್ರಮ ಹಿಡಿದವರು 3, 6, 9 ಒಂದೇ ಗುಂಪು ಎಂದು 6ನ್ನೇ ಒಪ್ಪುತ್ತಾರೆ. ಒಂದೇ ಅಂಕಿಗೆ ತರುವ ಮೊದಲಿನ 28 ಅಷ್ಟು ಒಳ್ಳೆಯದಲ್ಲ ಎನ್ನುತ್ತಾರೆ. ಪೈಥಾಗೊರಸ್ ಪದ್ಧತಿಯಲ್ಲಂತೂ ಅಕ್ಷರಗಳ ಬೆಲೆಯೇ ಬೇರೆ. ಅಲ್ಲಿ TRISHALA ಎಂದರೆ 34, ಅಂದರೆ 7. ಆದ್ದರಿಂದ ಇಬ್ಬರು ಮೂವರ ಬಳಿ ಕೇಳಿದರೆ ಸಮಾಧಾನಕ್ಕಿಂತ ಗೊಂದಲವೇ ಹೆಚ್ಚು. ಕೇಳುವುದಾದರೆ ಯಾವ ಪದ್ಧತಿ ಎಂದು ಮೊದಲೇ ತಿಳಿದು, ಒಬ್ಬರಲ್ಲೇ ಕೇಳುವುದು ಲೇಸು.

ಈ ಮನೆಯವರಿಗೆ ಸರಳವಾದ ದಾರಿ ಇದು. ಹೆಸರು ತ್ರಿಶಲಾ ಎಂಬುದು ಮೊದಲು ನಿಶ್ಚಯವಾಗಲಿ. ಬಳಿಕ ಸಹಜವಾದ ಸ್ಪೆಲ್ಲಿಂಗುಗಳನ್ನು ಮಾತ್ರ ಒಂದು ಹಾಳೆಯಲ್ಲಿ ಬರೆಯಲಿ. TRI ಎಂದು ಬರೆದರೆ ಹೊರಗಿನವರು 'ಟ್ರಿಶಲಾ' ಎಂದು ಓದುವ ಸಾಧ್ಯತೆ ಇದೆ. ನಮ್ಮ ಭಾಗದವರಿಗೆ TH ಇದ್ದರೆ ಓದು ಸರಿಯಾಗುತ್ತದೆ. THRISHALA JAIN ಎಂದರೆ ಅಜ್ಜಿ, ತಂದೆ, ತಾಯಿ ಮೂವರ ಮಾತೂ ನಡೆಯುತ್ತದೆ, ಕೀರೋನ ಕ್ರಮದಲ್ಲಿ 6 ಕೂಡ ಹೊಂದುತ್ತದೆ. ಗ್ರಹಸ್ನೇಹವನ್ನೇ ನಂಬುವ ಮನೆಯಾದರೆ TRISHALA JAIN ಆಯ್ದುಕೊಳ್ಳಬಹುದು. ಎರಡರಲ್ಲೂ ಹೆಸರು ಕೆಡುವುದಿಲ್ಲ. THRRISHALAAA ಎಂಬಂತಹ ರೂಪ ಸಲಹೆಯಾಗಿ ಬಂದರೆ ಅಲ್ಲಿಗೆ ನಿಲ್ಲಿಸಬೇಕು. ಆ ಹೆಚ್ಚಿನ ಅಕ್ಷರಗಳನ್ನು ಮಗು ಜೀವನಪೂರ್ತಿ ಪ್ರತಿ ಕೌಂಟರಿನಲ್ಲೂ ಹೇಳಿ ಬರೆಸಬೇಕಾಗುತ್ತದೆ.

ಇನ್ನೊಂದು ವಿಷಯವನ್ನೂ ಯೋಚಿಸಬೇಕು. ಇಲ್ಲಿ 6 ಬಂದದ್ದು ಜೈನ್ ಸೇರಿದ್ದರಿಂದ. ಮುಂದೆ ಮಗಳು ಮದುವೆಯಾಗಿ ಕೊನೆಯ ಹೆಸರು ಬದಲಿಸಿದರೆ, ಅಥವಾ ಶಾಲೆಯಲ್ಲಿ ಜೈನ್ ಬದಲು ತಂದೆಯ ಇನಿಶಿಯಲ್ ಬರೆಸಿದರೆ ಲೆಕ್ಕವೂ ಬದಲಾಗುತ್ತದೆ. ಸಂಖ್ಯೆಗೆ ಬಹಳ ಬೆಲೆ ಕೊಡುವ ಮನೆಯವರು ಮೊದಲ ಹೆಸರನ್ನು ಮಾತ್ರ ಲೆಕ್ಕ ಹಾಕಿಸುವುದು ಒಳಿತು.

ಜನನ ಪ್ರಮಾಣಪತ್ರಕ್ಕೆ ಆತುರ ಬೇಡ

ಜನನವನ್ನು 21 ದಿನಗಳೊಳಗೆ ನೋಂದಾಯಿಸಬೇಕು. ಆದರೆ ಅಷ್ಟರಲ್ಲಿ ಹೆಸರು ನಿಶ್ಚಯವಾಗಿರಲೇಬೇಕು ಎಂದಿಲ್ಲ. ಹೆಸರಿಲ್ಲದೆಯೇ ನೋಂದಣಿ ಮಾಡಿಸಿ, 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಲು 1969ರ ಜನನ ಮರಣ ನೋಂದಣಿ ಕಾನೂನಿನಲ್ಲಿ ಅವಕಾಶವಿದೆ. ಆಮೇಲೂ 15 ವರ್ಷದವರೆಗೆ ತಡದ ಶುಲ್ಕ ಕೊಟ್ಟು ಸೇರಿಸಬಹುದು. ಒಮ್ಮೆ ಬರೆಸಿದ ಹೆಸರನ್ನು ಬದಲಿಸುವುದು ಮಾತ್ರ ಸುಲಭವಲ್ಲ.

1-10-2023ರಿಂದ ಜಾರಿಯಾದ ತಿದ್ದುಪಡಿಯ ನಂತರ ಇದರ ಮಹತ್ವ ಹೆಚ್ಚಿದೆ. ಆ ದಿನದಿಂದ ಹುಟ್ಟಿದವರಿಗೆ ಶಾಲಾ ಪ್ರವೇಶ, ಆಧಾರ್, ಡ್ರೈವಿಂಗ್ ಲೈಸೆನ್ಸ್, ಮತದಾರರ ಪಟ್ಟಿಗೆಲ್ಲ ಜನನ ಪ್ರಮಾಣಪತ್ರವೇ ಆಧಾರ. ಅದರಲ್ಲಿ THRISHALA, ಆಧಾರ್‌ನಲ್ಲಿ TRISHALA ಎಂದಾದರೆ ಮುಂದೆ ಓಡಾಟ ತಪ್ಪಿದ್ದಲ್ಲ. ಆದ್ದರಿಂದ ಅಂತಿಮ ಸ್ಪೆಲ್ಲಿಂಗನ್ನು ದೊಡ್ಡ ಅಕ್ಷರಗಳಲ್ಲಿ ಬರೆದು ಕೊಡಿ, ಬಾಯಿಯಲ್ಲಿ ಹೇಳಿ ಬಿಡಬೇಡಿ. ಪ್ರಮಾಣಪತ್ರ ಕೈಗೆ ಬಂದ ಕೂಡಲೇ ಕನ್ನಡ, ಇಂಗ್ಲಿಷ್ ಎರಡನ್ನೂ ಅಕ್ಷರ ಅಕ್ಷರವಾಗಿ ಓದಿ ನೋಡಿ.

ನಮ್ಮ ಶಾಸ್ತ್ರದಲ್ಲಿ ಏನಿದೆ?

ಆಚಾರ್ಯ ಜಿನಸೇನರು 9ನೇ ಶತಮಾನದ ತಮ್ಮ ಆದಿಪುರಾಣದಲ್ಲಿ ಗರ್ಭಾನ್ವಯ ಕ್ರಿಯೆಗಳನ್ನು ಹೇಳುವಾಗ ನಾಮಕರ್ಮವನ್ನೂ ವಿವರಿಸಿದ್ದಾರೆ. ಹುಟ್ಟಿದ ಹನ್ನೆರಡು ದಿನಗಳ ನಂತರ, ತಂದೆ ತಾಯಿಗೂ ಮಗುವಿಗೂ ಅನುಕೂಲವಾದ ದಿನ ಈ ಕ್ರಿಯೆ. ಜಿನೇಂದ್ರನ 1008 ನಾಮಗಳಿಂದ ಘಟಪತ್ರ ವಿಧಾನದಲ್ಲಿ, ಅಂದರೆ ಹೆಸರು ಬರೆದ ಚೀಟಿಗಳನ್ನು ಕುಂಭದಲ್ಲಿಟ್ಟು ಒಂದನ್ನು ತೆಗೆದು, ಹೆಸರಿಡಬಹುದು ಎಂದಿದೆ. ಅದರಲ್ಲಿ ಅಕ್ಷರಗಳ ಬೆಲೆಯ ಲೆಕ್ಕವಿಲ್ಲ. ಯಾವ ಚೀಟಿ ಬಂದರೂ ಹೆಸರು ಶುಭವೇ ಎಂಬುದು ಆ ವಿಧಾನದ ಹುರುಳು.

ಸುಖದುಃಖಗಳು ಅವರವರ ಕರ್ಮದ ಫಲ ಎಂದು ನಂಬುವ ನಮಗೆ, ಒಂದು H ಸೇರಿಸಿದರೆ ಮಗುವಿನ ಭವಿಷ್ಯವೇ ಬದಲಾಗುತ್ತದೆ ಎಂಬುದನ್ನು ಒಪ್ಪುವುದು ಕಷ್ಟ. ಅದನ್ನು ಪರೀಕ್ಷಿಸಿ ತೋರಿಸಿದ ಆಧಾರವೂ ಇಲ್ಲ. ಹಾಗೆಂದು ಹಿರಿಯರ ಸಮಾಧಾನಕ್ಕೆ ಸಂಖ್ಯೆ ನೋಡಿದರೆ ತಪ್ಪೇನೂ ಇಲ್ಲ. ಎರಡು ಸಹಜ ಸ್ಪೆಲ್ಲಿಂಗುಗಳ ನಡುವೆ ಯಾವುದು ಎಂದು ತೀರ್ಮಾನಿಸಲು ಅದು ನೆರವಾಗಲಿ. ಮನೆಯವರೆಲ್ಲ ಮೆಚ್ಚಿದ ಹೆಸರನ್ನೇ ಕೈಬಿಡಲು ಅದು ಕಾರಣವಾಗುವುದು ಬೇಡ.