ಒಂದು ಎಸೆತದ ಲೆಕ್ಕ ತಪ್ಪಿದರೆ ಫೈನಲ್ ಬೇರೆಯವರದು

2024ರ ಮೇ 18ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಬೆಂಗಳೂರು ತಂಡ ಚೆನ್ನೈಯನ್ನು 27 ರನ್‌ಗಳಿಂದ ಸೋಲಿಸಿತು. ಇಬ್ಬರದೂ 14 ಅಂಕ. ಪ್ಲೇಆಫ್‌ಗೆ ಹೋದದ್ದು ಮಾತ್ರ ಬೆಂಗಳೂರು, ಏಕೆಂದರೆ ಅದರ ನೆಟ್ ರನ್‌ರೇಟ್ 0.459, ಚೆನ್ನೈಯದು 0.392. ಐಪಿಎಲ್‌ಗೆ ಇದನ್ನು ಲೆಕ್ಕ ಹಾಕಲು ಪರಿಣತರಿದ್ದಾರೆ. ನಮ್ಮ ಊರಿನ ಟೆನಿಸ್ ಬಾಲ್ ಟೂರ್ನಿಗೆ ಒಂದು ಎಕ್ಸೆಲ್ ಕಡತ ಸಾಕು, ಅದನ್ನು ಸರಿಯಾಗಿ ಕಟ್ಟಿದ್ದರೆ.

ಕೆರೆಬೀದಿ, ಪೇಟೆಬೀದಿ, ತೋಟದಬೀದಿ, ಗುಡ್ಡದಬೀದಿ ಎಂಬ ನಾಲ್ಕು ತಂಡಗಳಿವೆ, ಪಂದ್ಯಕ್ಕೆ ಆರು ಓವರ್ ಎಂದಿಟ್ಟುಕೊಳ್ಳಿ. ಎಲ್ಲರೂ ಎಲ್ಲರೊಡನೆ ಆಡಿದರೆ ಆರು ಪಂದ್ಯ. ವೇಳಾಪಟ್ಟಿಗೆ ಒಂದು ಹಳೆಯ ಉಪಾಯವಿದೆ. ಮೊದಲ ತಂಡವನ್ನು ಅಲ್ಲೇ ನಿಲ್ಲಿಸಿ, ಉಳಿದವನ್ನು ಸುತ್ತಿಗೊಂದು ಸ್ಥಾನ ಸರಿಸುತ್ತ ಹೋಗುವುದು. ಮೊದಲ ಸುತ್ತು 1–4, 2–3. ಎರಡನೆಯದು 1–3, 4–2. ಮೂರನೆಯದು 1–2, 3–4. ತಂಡಗಳು ಐದಾದರೆ ‘ವಿಶ್ರಾಂತಿ’ ಎಂಬ ಆರನೇ ಹೆಸರು ಸೇರಿಸಿ. ಅದರ ಎದುರು ಬಂದ ತಂಡಕ್ಕೆ ಆ ಸುತ್ತು ಬಿಡುವು.

ಫಲಿತಾಂಶಕ್ಕೆ `Matches` ಎಂಬ ಶೀಟ್ ಇರಲಿ. B, C ಕಾಲಂಗಳಲ್ಲಿ ತಂಡಗಳು, D ಮತ್ತು Eಯಲ್ಲಿ ಮೊದಲ ತಂಡದ ರನ್ ಮತ್ತು ಎಸೆತ, F ಮತ್ತು Gಯಲ್ಲಿ ಎರಡನೆಯದರದು. ಗೆದ್ದವರ ಹೆಸರು Hನಲ್ಲಿ ತಾನಾಗಿಯೇ ಬರಬೇಕು:

```
=IF(COUNT(D2,F2)<2,"",IF(D2>F2,B2,IF(F2>D2,C2,"TIE")))
```

ಈ ಸೂತ್ರದ ಮೊದಲ ತುಂಡನ್ನು ಬಿಟ್ಟರೆ, ಇನ್ನೂ ಆಡದ ಪಂದ್ಯದ ಖಾಲಿ ಸೆಲ್‌ಗಳನ್ನು ಎಕ್ಸೆಲ್ ಸೊನ್ನೆ–ಸೊನ್ನೆ ಎಂದು ಓದಿ ಟೈ ಎಂದುಬಿಡುತ್ತದೆ. ಟೂರ್ನಿ ಶುರುವಾಗುವ ಮೊದಲೇ ಎಲ್ಲ ಸಾಲಲ್ಲೂ ಟೈ ಕಂಡರೆ ಇದೇ ಕಾರಣ.

ಎಸೆತಗಳ ಕಾಲಂನಲ್ಲಿ ಎಸೆತವನ್ನೇ ಬರೆಯಬೇಕು, ಓವರ್ ಬೇಡ. ಸ್ಕೋರರ್ 5.3 ಎಂದು ಬರೆದರೆ ಐದು ಓವರ್ ಮೂರು ಎಸೆತ, ಅಂದರೆ ಐದೂವರೆ ಓವರ್. ಎಕ್ಸೆಲ್‌ಗೆ ಅದು ಗೊತ್ತಿಲ್ಲ, 5.3 ಎಂದೇ ಭಾಗಿಸುತ್ತದೆ. 33 ಎಂದು ಬರೆದರೆ ಗೊಂದಲವೇ ಇಲ್ಲ. ಇನ್ನೊಂದು ನಿಯಮ ಮರೆಯುವಂತಿಲ್ಲ. ತಂಡ ಆಲೌಟ್ ಆದರೆ, ಎಷ್ಟು ಎಸೆತ ಆಡಿತ್ತೋ ಅದನ್ನಲ್ಲ, ಪೂರ್ತಿ 36 ಎಸೆತವನ್ನು ಲೆಕ್ಕಕ್ಕೆ ಹಿಡಿಯಬೇಕು.

ಇದು ಎಷ್ಟು ದೊಡ್ಡ ವಿಷಯ ಎಂಬುದನ್ನು ನಮ್ಮ ನಾಲ್ಕು ತಂಡಗಳಲ್ಲೇ ನೋಡೋಣ. ಕೆರೆಬೀದಿ ಪೇಟೆಬೀದಿಯನ್ನು 60–42ರಿಂದ, ಪೇಟೆಬೀದಿ ತೋಟದಬೀದಿಯನ್ನು 55–45ರಿಂದ, ತೋಟದಬೀದಿ ಕೆರೆಬೀದಿಯನ್ನು 50–48ರಿಂದ ಸೋಲಿಸಿದವು. ಗುಡ್ಡದಬೀದಿ ಮೂವರಿಗೂ ಸೋತಿತು: ಕೆರೆಬೀದಿಗೆ 54–40, ಪೇಟೆಬೀದಿಗೆ 58–38, ತೋಟದಬೀದಿಗೆ 58–36. ಗೆದ್ದವರೆಲ್ಲ ಮೊದಲು ಬ್ಯಾಟ್ ಮಾಡಿದ್ದರು. ಆ 42ಕ್ಕೆ ಪೇಟೆಬೀದಿ 33 ಎಸೆತದಲ್ಲಿ ಆಲೌಟ್ ಆಯಿತು. ಉಳಿದ ಇನಿಂಗ್ಸ್‌ಗಳೆಲ್ಲ ಪೂರ್ತಿ 36 ಎಸೆತ.

ಮೂರು ತಂಡಗಳಿಗೆ ತಲಾ 4 ಅಂಕ. ‘ಅವರವರ ನಡುವಿನ ಪಂದ್ಯ ನೋಡಿ’ ಎಂಬ ನಿಯಮ ಇಲ್ಲಿ ಕೈಕೊಡುತ್ತದೆ, ಏಕೆಂದರೆ ಒಬ್ಬರನ್ನೊಬ್ಬರು ಸುತ್ತಿನಲ್ಲಿ ಸೋಲಿಸಿದ್ದಾರೆ. ಹಾಗಾಗಿ ನೆಟ್ ರನ್‌ರೇಟ್: ಓವರಿಗೆ ಹೊಡೆದ ರನ್ನಿನಲ್ಲಿ ಓವರಿಗೆ ಕೊಟ್ಟ ರನ್ ಕಳೆಯುವುದು. ಕೆರೆಬೀದಿ 1.667, ತೋಟದಬೀದಿ 0.778, ಪೇಟೆಬೀದಿ 0.667. ಫೈನಲ್‌ಗೆ ಕೆರೆಬೀದಿ ಮತ್ತು ತೋಟದಬೀದಿ. ಆದರೆ ಆಲೌಟ್ ಆದ ಇನಿಂಗ್ಸ್‌ಗೆ ಯಾರೋ 33 ಎಂದು ತುಂಬಿದ್ದರೆ ಪೇಟೆಬೀದಿಯ ರನ್‌ರೇಟ್ 0.913ಕ್ಕೆ ಏರಿ, ತೋಟದ ಹುಡುಗರು ಮನೆಗೆ ಹೋಗುತ್ತಾರೆ. ಮೂರು ಎಸೆತದ ತಪ್ಪಿಗೆ ಅದು ತೀರಾ ಅನ್ಯಾಯ.

ಅಂಕಪಟ್ಟಿಯ ಶೀಟ್‌ನಲ್ಲಿ Aಯಲ್ಲಿ ತಂಡ, Bಯಲ್ಲಿ ಅಂಕ, Cಯಲ್ಲಿ ರನ್‌ರೇಟ್ ಇದ್ದರೆ ಸ್ಥಾನವನ್ನು ಈ ಸೂತ್ರ ಹೇಳುತ್ತದೆ:

```
=1+COUNTIF(B$2:B$5,">"&B2)
 +COUNTIFS(B$2:B$5,B2,C$2:C$5,">"&C2)
```

ನನಗಿಂತ ಹೆಚ್ಚು ಅಂಕದವರು ಎಷ್ಟು, ಅಂಕ ಸಮವಿದ್ದೂ ರನ್‌ರೇಟ್ ಹೆಚ್ಚಿರುವವರು ಎಷ್ಟು ಎಂದು ಎಣಿಸಿ ಒಂದು ಕೂಡಿಸುವುದು, ಅಷ್ಟೇ. Cಯಲ್ಲಿ `ROUND` ಬಳಸಿ ಮೂರು ದಶಮಾಂಶಕ್ಕೆ ನಿಲ್ಲಿಸಿ. ಉದ್ದನೆಯ ದಶಮಾಂಶವಿದ್ದರೆ ಹೋಲಿಕೆ ಕೆಲವೊಮ್ಮೆ ಎಡವುತ್ತದೆ. ಎರಡು ತಂಡಗಳಿಗೆ ಒಂದೇ ಸ್ಥಾನ ಬಂದರೆ ಅದು ದೋಷವಲ್ಲ, ಮುಂದಿನ ನಿಯಮ ಬೇಕೆಂಬ ಸೂಚನೆ. 2018ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಜಪಾನ್ ಮತ್ತು ಸೆನೆಗಲ್ ಅಂಕ, ಗೋಲು, ಪರಸ್ಪರ ಪಂದ್ಯ ಎಲ್ಲದರಲ್ಲೂ ಸಮವಾಗಿದ್ದವು. ಹಳದಿ ಕಾರ್ಡ್ ಕಡಿಮೆ ಪಡೆದದ್ದಕ್ಕೆ ಜಪಾನ್ ಮುಂದೆ ಹೋಯಿತು.

ನಿಯಮಗಳ ಈ ಕ್ರಮವನ್ನು, ಕೊನೆಗೆ ಟಾಸ್ ಎಂಬುದನ್ನೂ ಸೇರಿಸಿ, ಮೊದಲ ಪಂದ್ಯಕ್ಕೆ ಮೊದಲೇ ನಾಯಕರ ಕೈಗೆ ಮುದ್ರಿಸಿ ಕೊಡಿ. ಆಮೇಲೆ ಪ್ರತಿ ಸಂಜೆ ಎರಡು ಮೊತ್ತ ನೋಡಿ: ಅಂಕಗಳ ಒಟ್ಟು ಆಡಿದ ಪಂದ್ಯಗಳ ಎರಡರಷ್ಟಿರಬೇಕು, ಎಲ್ಲ ತಂಡ ಹೊಡೆದ ರನ್ ಎಲ್ಲ ತಂಡ ಕೊಟ್ಟ ರನ್‌ಗೆ ಸಮವಿರಬೇಕು. ಎರಡರಲ್ಲಿ ಒಂದು ಹೊಂದದಿದ್ದರೂ ಆ ದಿನದ ಸ್ಕೋರ್‌ಬುಕ್ ತೆರೆದು ಮತ್ತೆ ತುಂಬಿ.